ನೆಟ್ಟು ಹೋಯ್ತು ಮಾರಾಯ್ರೆ

ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿ ಒಂದು ಕಾಲು ಊರುವಷ್ಟು ಜಾಗ ಸಿಗುವ ಹೊತ್ತಿಗೆ ನನ್ನ ಜೇಬು ನಡುಗಲು ಶುರುವಾಗುತ್ತದೆ. ಫೋನ್ ತೆಗೆದು ನೋಡಲು ಇನ್ನೊಂದು ಕೈ ಬೇಕು. ಅದು ಯಾರದೋ ಬ್ಯಾಗಿಗೂ ಯಾರದೋ ಬೆನ್ನಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಘಾಟ್‌ಕೋಪರ್‌ನಲ್ಲಿ ಇಳಿದು, ಅಂಧೇರಿ ಕಡೆಯ ಮೆಟ್ರೋದಲ್ಲಿ ನಿಂತು ನೋಡಿದರೆ ಹದಿನೇಳು ಸಂದೇಶ. ‘ಸಿಸ್ಟಮ್ ಹ್ಯಾಂಗ್.’ ‘ಪ್ರಿಂಟರ್ ನಹೀ ಚಲ್ ರಹಾ.’ ‘ಲವಕರ್ ಯಾ.’ ‘ಸರ್, ವಾಟ್ ಲಗ್ ಗಯೀ.’ ಒಬ್ಬರು ಬರೀ ಅಳುವ ಮುಖ ಕಳಿಸಿದ್ದಾರೆ. ಇನ್ನೊಬ್ಬರದು ನಲವತ್ತು ಸೆಕೆಂಡಿನ ಧ್ವನಿಸಂದೇಶ, ಅದರಲ್ಲಿ ಮೂವತ್ತು ಸೆಕೆಂಡು ಕುರ್ಲಾ ಸ್ಟೇಷನ್ನಿನ ಗದ್ದಲ.

ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ಕೆಲಸ ಮಾತ್ರ ದುಭಾಷಿಯದು. ಈ ಗೋಳುಗಳನ್ನೆಲ್ಲ ಇನ್ಸಿಡೆಂಟ್ ರಿಪೋರ್ಟ್ ಎಂಬ ಭಾಷೆಗೆ ತಿರುಗಿಸಬೇಕು: ಏನು ಕಂಡಿತು, ಯಾವಾಗಿಂದ, ಯಾರ್ಯಾರಿಗೆ, ಅದರಿಂದ ಯಾವ ಕೆಲಸ ನಿಂತಿತು. ಮೇಲಿನ ಇಂಜಿನಿಯರುಗಳು ಆ ಭಾಷೆಯನ್ನು ಮಾತ್ರ ಓದುತ್ತಾರೆ. ಅಳುವ ಮುಖವನ್ನು ಅವರಿಗೆ ಹಾಗೇ ಕಳಿಸಿದರೆ ನಗುವ ಮುಖ ವಾಪಸ್ ಬರುತ್ತದೆ.

ನಮ್ಮ ಜನಕ್ಕೆ ನಿಖರತೆ ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ. ಮಗನ ಜಾತಕ ಹಿಡಿದು ಜೋಯಿಸರ ಎದುರು ಕೂತಾಗ ಹುಟ್ಟಿದ ಊರು, ವಾರ, ಗಂಟೆ, ನಿಮಿಷ ಎಲ್ಲವೂ ನಾಲಿಗೆಯ ತುದಿಯಲ್ಲಿ ಇರುತ್ತದೆ. ಎರಡು ನಿಮಿಷ ಆಚೀಚೆಯಾದರೆ ಲಗ್ನವೇ ಬದಲಾಗುತ್ತದೆ ಎಂದು ಜೋಯಿಸರಿಗೇ ಪಾಠ ಹೇಳುತ್ತಾರೆ. ಅದೇ ಮನುಷ್ಯ ಕಂಪ್ಯೂಟರ್ ನಿಂತದ್ದು ಯಾವಾಗ ಎಂದರೆ, ‘ಬೆಳಿಗ್ಗೆಯಿಂದ’ ಅನ್ನುತ್ತಾನೆ. ಬೆಳಿಗ್ಗೆ ಎಂದರೆ ಎಷ್ಟು ಹೊತ್ತಿಗೆ? ‘ಬೆಳಿಗ್ಗೆ ಅಂದ್ರೆ ಬೆಳಿಗ್ಗೆಯೇ ಮಾರಾಯ್ರೆ, ಚಾ ಆದ ಮೇಲೆ.’

ಒಂದು ಕೇಸು ಹೇಳುತ್ತೇನೆ. ಡಿಸ್ಪ್ಯಾಚ್ ವಿಭಾಗದಲ್ಲಿ ನಮ್ಮ ಕರಾವಳಿಯ ಕಡೆಯ ಹೆಂಗಸೊಬ್ಬರಿದ್ದಾರೆ, ದಿನಾ ಬದ್ಲಾಪುರದಿಂದ ಬರುವವರು. ಅವರ ಸಂದೇಶ ಹೀಗಿತ್ತು: ‘ಅಣ್ಣಾ, ನೆಟ್ ಇಲ್ಲ. ಎಲ್ಲರಿಗೂ ಹೀಗೇ. ಬೆಳಿಗ್ಗೆಯಿಂದ. ಪುರ್ಸೊತ್ತಿದ್ದಾಗ ನೋಡಿ.’

ಓದಲು ಎಷ್ಟು ಸಭ್ಯವಾಗಿದೆ! ನಾಲ್ಕು ಪುಟ್ಟ ವಾಕ್ಯ, ನಾಲ್ಕೂ ತಪ್ಪು. ಅವರು ಸುಳ್ಳು ಹೇಳಿದರು ಎಂದಲ್ಲ. ಸಂದೇಶದಲ್ಲಿ ಇದ್ದದ್ದು ಅವರ ಬೇಸರ. ಯಂತ್ರದ ವಿಷಯ ಅದರಲ್ಲಿ ಇರಲೇ ಇಲ್ಲ.

ನಮ್ಮ ಹೆಲ್ಪ್‌ಡೆಸ್ಕಿನ ಸಾಧನೆ ಕೇಳಿ. ಇದು ಮೊದಲ ದೂರಲ್ಲ. ಮಂಗಳವಾರ, ಬುಧವಾರವೂ ಇಂಥವೇ ಟಿಕೆಟುಗಳು ಬಂದಿದ್ದವು, ಬೇರೆ ಬೇರೆಯವರಿಂದ. ನಮ್ಮ ಹುಡುಗರು ಮೊದಲು ‘ರೀಸ್ಟಾರ್ಟ್ ಮಾಡಿ’ ಎಂದು ಬರೆದರು. ಮುಂಬೈಯಲ್ಲಿ ಕೆಮ್ಮಿಗೆ ಕ್ರೋಸಿನ್ ಇದ್ದಂತೆ ನಮ್ಮಲ್ಲಿ ರೀಸ್ಟಾರ್ಟ್. ರೀಸ್ಟಾರ್ಟಿಗೂ ಬಗ್ಗದಿದ್ದಾಗ ‘ಪರಿಶೀಲನೆಯಲ್ಲಿದೆ’ ಎಂದು ಹಾಕಿ ಊಟಕ್ಕೆ ಹೋದರು. ಸಂಜೆ ಆರು ಗಂಟೆಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ‘ಈಗ ನೆಟ್ ಬರ್ತಿದೆಯಾ?’ ಎಂದು ಕೇಳಿದರು. ಬರುತ್ತಿತ್ತು. ‘ಸರಿಪಡಿಸಲಾಗಿದೆ, ಬಳಕೆದಾರರು ದೃಢಪಡಿಸಿದ್ದಾರೆ’ ಎಂದು ಬರೆದು ಟಿಕೆಟ್ ಮುಚ್ಚಿದರು. ಎರಡೂ ದಿನದ ಟಿಕೆಟುಗಳೆಲ್ಲ ಅದೇ ದಿನ ಬಂದ್. ಮ್ಯಾನೇಜ್‌ಮೆಂಟಿನ ತಖ್ತೆಯಲ್ಲಿ ನಮ್ಮ ಸಾಲು ಹಸಿರೋ ಹಸಿರು. ಏನೂ ಮಾಡದೆ ನೂರಕ್ಕೆ ನೂರು ತೆಗೆದ ವಿಭಾಗ ಇಡೀ ಅಂಧೇರಿ ಪೂರ್ವದಲ್ಲಿ ಇನ್ನೊಂದು ಇರಲಾರದು.

ಗುರುವಾರ ನಾನು ಆ ಅಕ್ಕನ ಮೇಜಿನ ಹತ್ತಿರ ಹೋದೆ.

‘ನೆಟ್ ಇಲ್ಲ ಅಂದ್ರಲ್ಲ ಅಕ್ಕ, ಏನು ಮಾಡಲು ಹೋದಾಗ ಏನು ಕಾಣ್ತದೆ?’

‘ಏನೂ ಕಾಣೂದಿಲ್ಲ ಅಣ್ಣ, ಅದೇ ಅಲ್ವಾ ತೊಂದರೆ.’

‘ವೈಫೈ ಗುರುತು ಉಂಟಾ?’

‘ಉಂಟು. ಅದರ ಹತ್ತಿರ ಎಂಥದೋ ಬರೆದಿದೆ. No Internet, secured.’

ಇಲ್ಲಿಗೆ ಅವರ ಮೊದಲ ವಾಕ್ಯ ಬಿತ್ತು. ‘ನೆಟ್ ಇಲ್ಲ’ ಎಂದರೆ ವೈಫೈಯೇ ಸಿಗುತ್ತಿಲ್ಲ ಎಂದೂ ಆಗಬಹುದು, ಪಾಸ್‌ವರ್ಡ್ ತಗೊಳ್ಳುತ್ತಿಲ್ಲ ಎಂದೂ ಆಗಬಹುದು, ಒಂದು ವೆಬ್‌ಸೈಟು ಮಾತ್ರ ತೆರೆಯುತ್ತಿಲ್ಲ ಎಂದೂ ಆಗಬಹುದು. ಒಂದೊಂದಕ್ಕೂ ಓಡಬೇಕಾದ ದಿಕ್ಕು ಬೇರೆ. ಇಲ್ಲಿ ವೈಫೈ ಒಳಗೆ ಬಿಟ್ಟುಕೊಂಡಿದೆ, ಆದರೆ ಕೂರಲು ಮಣೆ ಕೊಟ್ಟಿಲ್ಲ. `ipconfig` ಎಂದು ಹೊಡೆದೆ.

```
Autoconfiguration IPv4 Address. . : 169.254.83.107
Subnet Mask . . . . . . . . . . . : 255.255.0.0
Default Gateway . . . . . . . . . :
```

169.254 ಎಂದು ಶುರುವಾಗುವ ವಿಳಾಸ ಕಂಡರೆ ನಮ್ಮ ಕಸುಬಿನವರಿಗೆ ಅರ್ಧ ಕಥೆ ಗೊತ್ತಾದ ಹಾಗೆ. ಲ್ಯಾಪ್‌ಟಾಪು ತನಗೊಂದು ವಿಳಾಸ ಕೊಡಿ ಎಂದು ರೂಟರನ್ನು ಕೇಳಿದೆ, ರೂಟರು ಉತ್ತರ ಕೊಟ್ಟಿಲ್ಲ, ಕಾದು ಕಾದು ತನ್ನಷ್ಟಕ್ಕೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಆ ವಿಳಾಸಕ್ಕೆ ಅಂಚೆ ಬರುವುದಿಲ್ಲ. ಕೆಳಗೆ ಗೇಟ್‌ವೇ ಜಾಗ ಖಾಲಿ ಇದೆ ನೋಡಿ. ಮನೆಗೆ ನಂಬರಿದೆ, ಬಾಗಿಲಿಲ್ಲ.

‘ಎಲ್ಲರಿಗೂ ಹೀಗೇ ಅಂದ್ರಲ್ಲ?’

‘ಹೌದು. ಇವಳಿಗೂ ಇಲ್ಲ, ಆ ಮೂಲೆಯವನಿಗೂ ಇಲ್ಲ.’

‘ಈ ಕಡೆ ಪಕ್ಕದ ಮೇಜಿನವರಿಗೆ?’

ಪಕ್ಕದ ಮೇಜಿನ ಗುಜರಾತಿ ಯುವಕ ತಲೆ ಎತ್ತಿದ. ಅವನ ಪರದೆಯಲ್ಲಿ ಕ್ರಿಕೆಟ್ ಓಡುತ್ತಿತ್ತು, ನಡುವೆ ಒಮ್ಮೆಯೂ ನಿಲ್ಲದೆ.

ಎರಡನೆಯ ವಾಕ್ಯವೂ ಹೋಯಿತು. ‘ಎಲ್ಲರಿಗೂ’ ಎಂದರೆ ತನ್ನ ಜೊತೆ ಚಾ ಕುಡಿಯುವ ಇಬ್ಬರಿಗೆ ಎಂದು ಅರ್ಥ. ಇದು ಸಣ್ಣ ಮಾತಲ್ಲ. ಒಂದೇ ಆ್ಯಕ್ಸೆಸ್ ಪಾಯಿಂಟಿನ ಕೆಳಗೆ ಕೂತ ಇಬ್ಬರಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಹೊರಗಿನ ಕೇಬಲ್ಲು, ಇಂಟರ್ನೆಟ್ ಕಂಪನಿ, ಸೂರಿನ ಪೆಟ್ಟಿಗೆ ಯಾವುದೂ ಕೆಟ್ಟಿಲ್ಲ ಎಂದು ಕೂತಲ್ಲೇ ಹೇಳಬಹುದು. ‘ಎಲ್ಲರಿಗೂ’ ಎಂಬ ಆ ಒಂದು ಶಬ್ದವನ್ನು ನಂಬಿ ನಮ್ಮ ಹುಡುಗರು ಬುಧವಾರ ಇಂಟರ್ನೆಟ್ ಕಂಪನಿಯವರನ್ನು ಕರೆಸಿ, ಅವರು ಛಾವಣಿ ಹತ್ತಿ ಇಳಿದು, ಎಲ್ಲ ಸರಿ ಇದೆ ಎಂದು ಸಹಿ ಹಾಕಿ ಹೋಗಿದ್ದರು.

ಮೂರನೆಯದು, ‘ಬೆಳಿಗ್ಗೆಯಿಂದ’.

‘ಇವತ್ತು ಎಷ್ಟು ಗಂಟೆಗೆ ಬಂದು ಕೂತ್ರಿ ಅಕ್ಕ?’

‘ಹತ್ತೂ ಇಪ್ಪತ್ತು. ಟ್ರೈನ್ ಕಲ್ಯಾಣದಲ್ಲೇ ನಿಂತಿತ್ತು.’

‘ನಿನ್ನೆ ಸರಿಯಾದದ್ದು ಎಷ್ಟೊತ್ತಿಗೆ?’

‘ಸಂಜೆ. ನಾನು ಡಬ್ಬಿ ಬ್ಯಾಗಿಗೆ ಹಾಕ್ತಾ ಇದ್ದೆ. ಐದೂವರೆ ಆಗಿತ್ತು ನೋಡಿ. ಮೊನ್ನೆಯೂ ಹಾಗೇ. ಹೊರಡೂ ಹೊತ್ತಿಗೆ ತಾನಾಗಿ ಬರ್ತದೆ. ದೆವ್ವ ಹಿಡಿದ ಹಾಗೆ.’

ಐದೂವರೆ. ದಿನವೂ ಐದೂವರೆಗೆ ಬಿಡುವ ದೆವ್ವವಾದರೆ ಅದಕ್ಕೂ ಎಲ್ಲೋ ಹಾಜರಿ ಪುಸ್ತಕ ಇದೆ ಎಂದೇ ಲೆಕ್ಕ.

ಹಿಂದಿರುಗಿ ಬಂದು ಮೂರೂ ದಿನದ ಹದಿನಾಲ್ಕು ಟಿಕೆಟುಗಳನ್ನು ತೆರೆದೆ. ಯಾವುದರಲ್ಲೂ ಸಮಯ ಬರೆದಿರಲಿಲ್ಲ. ಟಿಕೆಟ್ ದಾಖಲಾದ ಹೊತ್ತು ಮಾತ್ರ ಇತ್ತು. ತೊಂದರೆ ಶುರುವಾದ ಹೊತ್ತು ಬೇರೆ, ದೂರು ಬಂದ ಹೊತ್ತು ಬೇರೆ, ನಾವು ಕಣ್ಣು ಬಿಟ್ಟ ಹೊತ್ತು ಇನ್ನೂ ಬೇರೆ. ಮೂರನ್ನೂ ಒಂದೇ ಕಾಲಂನಲ್ಲಿ ತುರುಕಿದರೆ ಸಿಗುವುದು ಪಂಚಾಂಗವಲ್ಲ, ಪಂಚಕಜ್ಜಾಯ. ಅದಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಬಂದು ಕೂತದ್ದು ಎಷ್ಟಕ್ಕೆ, ಕೊನೆಯ ಸಲ ಸರಿ ಇದ್ದದ್ದು ಯಾವಾಗ, ತಾನಾಗಿ ಸರಿಹೋದದ್ದು ಎಷ್ಟಕ್ಕೆ ಎಂದು ಕೇಳಿದೆ. ಒಬ್ಬರು ಪ್ಯಾಂಟ್ರಿಯ ಗೋಡೆ ಗಡಿಯಾರ ನೋಡಿ ಹೇಳಿದರು. ಅದು ಹತ್ತು ನಿಮಿಷ ಮುಂದಿದೆ, ಚಾ ಸಮಯ ಬೇಗ ಬರಲಿ ಎಂದು ಯಾರೋ ತಿರುಗಿಸಿಟ್ಟದ್ದು. ಗಡಿಯಾರದ ಈ ತಗಾದೆ ನಮ್ಮ ಪ್ಯಾಂಟ್ರಿಯದು ಮಾತ್ರ ಅಲ್ಲ. ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಎಂಬುದರ ಜೊತೆಗೆ, ಎಲ್ಲ ಯಂತ್ರಗಳ ಗಡಿಯಾರ ಸರಕಾರಿ ಸಮಯಕ್ಕೆ ಹೊಂದಿರಬೇಕು ಎಂದೂ ಹೇಳಿದೆ. ಗಡಿಯಾರಗಳೇ ಒಂದಕ್ಕೊಂದು ಹೊಂದದಿದ್ದರೆ ಯಾವುದು ಮೊದಲು ನಡೆಯಿತು, ಯಾವುದು ಅದರ ಫಲ ಎಂದು ಹೇಳಲು ಬರುವುದಿಲ್ಲವಲ್ಲ.

ಫೋನುಗಳು ಮುಗಿದ ಮೇಲೆ ಎಲ್ಲ ಟಿಕೆಟುಗಳನ್ನೂ ಒಟ್ಟು ಸೇರಿಸಿ ಒಂದೇ ವರದಿ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೀಗಾಗುತ್ತದೆ:

‘ಎರಡನೇ ಮಹಡಿಯ ವೈಫೈಗೆ ಲ್ಯಾಪ್‌ಟಾಪ್ ಸೇರಿಕೊಳ್ಳುತ್ತದೆ, ವಿಳಾಸ ಸಿಗುವುದಿಲ್ಲ. ಪರದೆಯಲ್ಲಿ No Internet, secured. ಒಂದು ಲ್ಯಾಪ್‌ಟಾಪಿನಲ್ಲಿ ನೋಡಿದಾಗ 169.254 ವಿಳಾಸ, ಗೇಟ್‌ವೇ ಖಾಲಿ. ಮಂಗಳವಾರದಿಂದ ಮೂರು ದಿನ, ದಿನಕ್ಕೆ ನಾಲ್ಕೈದು ಜನರಿಂದ ದೂರು. ಸೋಮವಾರ ಯಾರದೂ ದೂರಿಲ್ಲ. ದೂರು ಕೊಟ್ಟವರೆಲ್ಲ ಕಚೇರಿಗೆ ಬಂದದ್ದು 10.10ರ ನಂತರ, ಅವರೇ ಹೇಳಿದಂತೆ. ಅದಕ್ಕೆ ಮೊದಲು ಬಂದ ಯಾರಿಂದಲೂ ದೂರಿಲ್ಲ. ಅದೇ ಸಾಲಿನಲ್ಲಿ ಕೂತ ಬೇರೆಯವರಿಗೆ ನೆಟ್ ಸರಿಯಿದೆ. ರೀಸ್ಟಾರ್ಟಿನಿಂದ ಪ್ರಯೋಜನವಿಲ್ಲ. ಸಂಜೆ 5.30ರಿಂದ 5.40ರೊಳಗೆ ತಾನಾಗಿ ಸರಿಹೋಗುತ್ತದೆ. ಪರಿಣಾಮ: ಡಿಸ್ಪ್ಯಾಚಿನಲ್ಲಿ ಇ-ವೇ ಬಿಲ್ ತೆಗೆಯಲಾಗುತ್ತಿಲ್ಲ. ಇವತ್ತು ಭಿವಂಡಿ ಗೋದಾಮಿನಲ್ಲಿ ಸೂರತ್‌ಗೆ ಹೋಗಬೇಕಾದ ಮೂರು ಲಾರಿ ನಿಂತಿವೆ. ಸದ್ಯದ ದಾರಿ: ನೌಕರರು ತಮ್ಮ ಫೋನಿನ ಹಾಟ್‌ಸ್ಪಾಟ್ ಬಳಸುತ್ತಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಡೇಟಾ ಮುಗಿಯುತ್ತದೆ.’

ಇದರಲ್ಲಿ ಕಾರಣ ಎಂಬ ಕಾಲಂ ಇಲ್ಲ. ನನಗೆ ಆ ಹೊತ್ತಿಗೆ ಗೊತ್ತೂ ಇರಲಿಲ್ಲ. ನೆಟ್‌ವರ್ಕಿನ ಇಂಜಿನಿಯರ್ ಓದಿದ, ಎರಡನೆಯ ಸಲ ಓದಿದ, ‘ಐದೂವರೆ’ ಎಂದ, ರೂಟರಿನ ಒಳಗೆ ಇಣುಕಿದ. ಹದಿನೈದು ನಿಮಿಷ ಹಿಡಿಯಲಿಲ್ಲ.

ಮುಂಬೈಯಲ್ಲಿ ಲೋಕಲ್ ಹತ್ತಿದವರಿಗೆ ಇದನ್ನು ವಿವರಿಸುವುದು ಸುಲಭ. ಸೀಟಿಗೆ ಕಿಟಕಿಯಿಂದ ಕರ್ಚೀಫ್ ಎಸೆದರೆ ಆ ಸೀಟು ಎಸೆದವನದು ತಾನೇ? ರೂಟರಿನ ಹತ್ತಿರ 150 ಸೀಟಿದ್ದವು. ಯಾವ ಯಂತ್ರ ಮೊದಲು ಬರುತ್ತದೋ ಅದರ ಕರ್ಚೀಫ್ ಬೀಳುತ್ತದೆ, ಎಂಟು ಗಂಟೆ ಕಾಲ ಆ ಸೀಟು ಅದಕ್ಕೇ. ಯಂತ್ರ ಅಲ್ಲೇ ಇದ್ದರೆ ನಾಲ್ಕು ಗಂಟೆಗೊಮ್ಮೆ ‘ನಾನಿನ್ನೂ ಇದ್ದೇನೆ’ ಎಂದು ಹೇಳಿ ಅವಧಿ ಮುಂದೂಡಿಕೊಳ್ಳುತ್ತದೆ. ಎದ್ದು ಹೋದರೆ? ಹೋಗುವಾಗ ಕರ್ಚೀಫ್ ಎತ್ತಿಕೊಂಡು ಹೋಗುವ ಸಂಸ್ಕಾರ ಸಾಮಾನ್ಯವಾಗಿ ಫೋನಿಗೂ ಇಲ್ಲ, ಲ್ಯಾಪ್‌ಟಾಪಿಗೂ ಇಲ್ಲ. ಎಂಟು ಗಂಟೆ ತುಂಬುವ ತನಕ ಸೀಟು ಖಾಲಿ, ಆದರೆ ಕೂರುವ ಹಾಗಿಲ್ಲ.

ಕಚೇರಿಯಲ್ಲಿ ಲ್ಯಾಪ್‌ಟಾಪುಗಳು ಒಟ್ಟು 118. ಸೀಟು ಸಾಕಿತ್ತು, ಉಳಿಯುತ್ತಿತ್ತು. ಸೋಮವಾರ ಸಂಜೆ ಯಾರೋ ಪುಣ್ಯಾತ್ಮರು ಕಚೇರಿ ವೈಫೈಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪ್ಯಾಂಟ್ರಿಯ ಚಹಾ ಮೆಷಿನ್ನಿಗೆ ಅಂಟಿಸಿದರು. ಮಂಗಳವಾರದಿಂದ ಒಬ್ಬೊಬ್ಬರೂ ಎರಡೆರಡು ಕರ್ಚೀಫ್ ಎಸೆಯತೊಡಗಿದರು, ಒಂದು ಲ್ಯಾಪ್‌ಟಾಪಿಗೆ, ಒಂದು ಫೋನಿಗೆ. ಹತ್ತೂ ಹತ್ತರ ಸುಮಾರಿಗೆ 150ನೆಯ ಸೀಟೂ ಹೋಯಿತು. ಅಂಧೇರಿಗೆ ಪಶ್ಚಿಮ ರೈಲ್ವೆಯಲ್ಲಿ ಬರುವವರು ಅಷ್ಟರೊಳಗೆ ಕೂತಾಗಿತ್ತು. ಕಲ್ಯಾಣ, ಡೊಂಬಿವಲಿ, ಬದ್ಲಾಪುರದವರು ಗಾಡಿ ಬದಲಿಸಿ ಬರುವ ಹೊತ್ತಿಗೆ ಸೀಟಿಲ್ಲ. ರೈಲಿನಲ್ಲೂ ನಿಂತು ಬಂದರು, ಕಚೇರಿಯಲ್ಲೂ ನಿಂತರು. ನೆಟ್ ಇಲ್ಲ ಎಂದು ದೂರು ಕೊಟ್ಟ ಅಷ್ಟೂ ಜನ ಸೆಂಟ್ರಲ್ ಲೈನಿನವರು! ನಮ್ಮ ರೂಟರಿಗೂ ಅಷ್ಟು ಲೋಕಜ್ಞಾನ ಇತ್ತು.

ಐದೂವರೆಯ ದೆವ್ವ ಯಾರು? ಸೇಲ್ಸಿನ ಇಪ್ಪತ್ತೆರಡು ಜನ. ದಿನಾ ಒಂಬತ್ತೂವರೆಗೆ ಬರುತ್ತಾರೆ, ಲ್ಯಾಪ್‌ಟಾಪು ಫೋನು ಎರಡನ್ನೂ ವೈಫೈಗೆ ಹಾಕುತ್ತಾರೆ, ಒಂದು ತಾಸು ಮೀಟಿಂಗು, ಹನ್ನೊಂದರೊಳಗೆ ಊರು ಸುತ್ತಲು ಹೊರಡುತ್ತಾರೆ. ಅವರ ನಲವತ್ತನಾಲ್ಕು ಕರ್ಚೀಫುಗಳು ಒಂಬತ್ತೂವರೆಯಿಂದ ಲೆಕ್ಕ ಹಾಕಿದರೆ ಎಂಟು ಗಂಟೆ, ಸಂಜೆ ಐದೂವರೆಯ ತನಕ ಸೀಟಿನ ಮೇಲೆ. ಐದೂವರೆಗೆ ಅವು ಹಾರಿದ ಕೂಡಲೇ, ಐದೈದು ನಿಮಿಷಕ್ಕೊಮ್ಮೆ ‘ಸೀಟ್ ಇದೆಯಾ’ ಎಂದು ಕೇಳುತ್ತಲೇ ಇದ್ದ ಆ ಅಕ್ಕನ ಲ್ಯಾಪ್‌ಟಾಪಿಗೆ ಜಾಗ ಸಿಕ್ಕಿತು. ಆ ಹೊತ್ತಿಗೆ ಅವರು ಡಬ್ಬಿ ಬ್ಯಾಗಿಗೆ ಹಾಕುತ್ತಿದ್ದರು. ಆರು ಗಂಟೆಗೆ ನಮ್ಮ ಹುಡುಗರು ಫೋನ್ ಮಾಡಿ ಟಿಕೆಟ್ ಮುಚ್ಚಿದರು.

ಚೀಟಿ ಕಿತ್ತು, ಪಾಸ್‌ವರ್ಡ್ ಬದಲಿಸಿ, ಫೋನುಗಳಿಗೆ ಬೇರೆ ವೈಫೈ, ಬೇರೆ ಸೀಟು, ಒಂದು ಗಂಟೆಯ ಅವಧಿ ಎಂದು ಮಾಡಿದ್ದಾಯಿತು. ಮರುದಿನ ಒಂದೇ ಒಂದು ದೂರು ಬಂತು, ಪ್ಯಾಂಟ್ರಿಯ ಹುಡುಗನದು: ‘ಸಾಬ್, ಯೂಟ್ಯೂಬ್ ಅಟಕ್ ರಹಾ ಹೈ. ಅರ್ಜೆಂಟ್.’

ನಾಲ್ಕನೆಯ ವಾಕ್ಯ ಬಾಕಿ ಇದೆ, ‘ಪುರ್ಸೊತ್ತಿದ್ದಾಗ ನೋಡಿ.’ ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇ-ವೇ ಬಿಲ್ ಬೇಕು. ಅದಿಲ್ಲದೆ ಲಾರಿ ಭಿವಂಡಿ ದಾಟುವ ಹಾಗಿಲ್ಲ. ಡ್ರೈವರುಗಳು ಬೀಡಿ ಸೇದುತ್ತಾ ಕೂತಿದ್ದರು. ಈ ಅಕ್ಕ ಸ್ವಂತ ಫೋನಿನ ಡೇಟಾ ಖರ್ಚು ಮಾಡಿ ಎರಡು ಬಿಲ್ ತೆಗೆದು, ಉಳಿದ ಮೂರಕ್ಕೆ ಡೇಟಾ ಮುಗಿದು, ತುಂಬಾ ಸಂಕೋಚದಿಂದ ನಮಗೆ ಬರೆದಿದ್ದರು. ಅದೇ ಬೆಳಿಗ್ಗೆ ಮೇಲಿನ ಮಹಡಿಯ ಸಾಹೇಬರೊಬ್ಬರಿಂದ ಬಂದ ಸಂದೇಶಕ್ಕೆ ಮೂರು ಕೆಂಪು ದೀಪದ ಗುರುತು ಇತ್ತು: ‘ಟಾಪ್ ಅರ್ಜೆಂಟ್! ಬಿಸಿನೆಸ್ ಕ್ರಿಟಿಕಲ್!’ ಅವರ ಪರದೆಯ ಹಿನ್ನೆಲೆಯಲ್ಲಿ ಕಳೆದ ವರ್ಷದ ದೀಪಾವಳಿ ಶುಭಾಶಯವೇ ಇನ್ನೂ ಇತ್ತು. ಹುಡುಗರು ಅದನ್ನು ಪಿ-ಒನ್ ಎಂದು ದಾಖಲಿಸಿ ಇಬ್ಬರು ಓಡಿದ್ದರು. ಅಕ್ಕನದು ಪಿ-ಫೋರ್.

ಆದ್ಯತೆ ಎಂಬುದು ಎರಡು ಪ್ರಶ್ನೆಗಳ ಗುಣಾಕಾರ: ಎಷ್ಟು ಕೆಲಸ ನಿಂತಿದೆ, ಎಷ್ಟು ಹೊತ್ತು ಕಾಯಬಹುದು. ಹೇಳುವವರ ದನಿಯ ಎತ್ತರ ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಮುಂಬೈಯಲ್ಲಿ ದನಿ ಎತ್ತದವನಿಗೆ ವಡಾಪಾವ್ ಕೂಡ ಸಿಗುವುದಿಲ್ಲ ಎಂದು ಕಲಿತವರು ಅರ್ಜೆಂಟ್ ಎಂಬ ಶಬ್ದವನ್ನು ಚಟ್ನಿಯಂತೆ ಎಲ್ಲದಕ್ಕೂ ಹಚ್ಚುತ್ತಾರೆ. ಊರಿನಿಂದ ಸಂಕೋಚವನ್ನೂ ಕಟ್ಟಿಕೊಂಡು ಬಂದವರು ಲಾರಿ ನಿಂತರೂ ‘ಪುರ್ಸೊತ್ತಿದ್ದಾಗ’ ಎನ್ನುತ್ತಾರೆ. ತಿರುಗಿಸಿ ಬರೆಯುವವನು ಎರಡೂ ಶಬ್ದಗಳನ್ನು ಹೊಡೆದುಹಾಕಿ, ‘ಇದು ಆಗದಿದ್ದರೆ ಏನು ನಿಲ್ಲುತ್ತದೆ, ಎಷ್ಟರೊಳಗೆ ಆಗಬೇಕು?’ ಎಂದು ಕೇಳಬೇಕು. ಸಾಹೇಬರನ್ನೂ ಕೇಳಿದೆ. ‘ನನ್ನ ಮೂಡ್ ನಿಲ್ಲುತ್ತದೆ’ ಎಂದರು. ಹಾಗೇ ಬರೆದೆ.

ಹಾಗೇ ಬರೆಯುವುದು ಈ ಕಸುಬಿನ ಅತಿ ಕಷ್ಟದ ಭಾಗ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಒಬ್ಬನಿದ್ದಾನೆ, ಬರವಣಿಗೆ ಬಲು ಚಂದ. ‘ಪಿಸಿ ಸತ್ತೋಯ್ತು’ ಎಂದು ಯಾರೋ ಬರೆದರೆ, ‘ಬಳಕೆದಾರರ ಗಣಕದಲ್ಲಿ ಮದರ್‌ಬೋರ್ಡಿನ ವೈಫಲ್ಯ ಕಂಡುಬಂದಿದ್ದು, ಉತ್ಪಾದಕತೆಗೆ ತೀವ್ರ ಧಕ್ಕೆಯಾಗಿದೆ’ ಎಂದು ತಿದ್ದುತ್ತಾನೆ. ಓದಿದರೆ ಸರಕಾರಿ ಗೆಜೆಟ್ಟು. ಮದರ್‌ಬೋರ್ಡ್ ಎಂದು ಯಾರು ಹೇಳಿದರು? ಯಾರೂ ಇಲ್ಲ. ಮದರ್‌ಬೋರ್ಡ್ ತಗೊಂಡು ಒಬ್ಬ ಹೋದ. ಶುಚಿಗೊಳಿಸುವವರು ಪ್ಲಗ್ ಕಿತ್ತಿದ್ದರು. ಹೇಳಿದ್ದಕ್ಕಿಂತ ಹೆಚ್ಚು ಬರೆದರೆ ಅದು ನಿಖರತೆಯಲ್ಲ, ಯಕ್ಷಗಾನದ ಅರ್ಥಗಾರಿಕೆ. ಅರ್ಥಧಾರಿ ಪ್ರಸಂಗದ ಎರಡು ಸಾಲಿಗೆ ಅರ್ಧ ಗಂಟೆ ಮಾತು ಕಟ್ಟಿದರೆ ಚಪ್ಪಾಳೆ ಬೀಳುತ್ತದೆ, ಟಿಕೆಟಿನಲ್ಲಿ ಕಟ್ಟಿದರೆ ತಪ್ಪು ಮನುಷ್ಯ ತಪ್ಪು ಸಾಮಾನು ಹೊತ್ತು ತಪ್ಪು ಮಹಡಿಗೆ ಹೋಗುತ್ತಾನೆ. ಅದಕ್ಕೆ ಈಗ ನಮ್ಮಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ತಿದ್ದಿದ ವರದಿಯ ಕೆಳಗೆ ಮೂಲ ಸಂದೇಶವನ್ನು ಅಳುವ ಮುಖದ ಸಮೇತ ಹಾಗೇ ಅಂಟಿಸಬೇಕು. ನಾವು ಕಣ್ಣಾರೆ ನೋಡಿದ್ದು, ಅವರು ಹೇಳಿದ್ದು, ನಮ್ಮ ಊಹೆ, ಮೂರಕ್ಕೂ ಬೇರೆ ಬೇರೆ ಸಾಲು. ‘ಸುಮಾರು ಹತ್ತು’ ಎಂದರೆ ‘ಸುಮಾರು ಹತ್ತು’ ಎಂದೇ ಬರೆಯಬೇಕು, ಚಂದ ಕಾಣಲಿ ಎಂದು 10.03 ಮಾಡಬಾರದು.

ಒಂದು ಶಬ್ದಕ್ಕೆ ಎಷ್ಟು ಬೆಲೆ ಎಂಬುದು ಈ ನಗರಕ್ಕೆ ಹೊಸತಲ್ಲ. 2021ರ ಫೆಬ್ರವರಿ 24ರಂದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ನಿಂತಿತು. ಬೆಳಿಗ್ಗೆ ಹತ್ತು ದಾಟುತ್ತಲೇ ದಲ್ಲಾಳಿಗಳ ಪರದೆಯಲ್ಲಿ ನಿಫ್ಟಿಯ ಅಂಕಿ ಅಲ್ಲಾಡದಾಯಿತು. ‘ಎನ್‌ಎಸ್‌ಇ ಬಂದ್’ ಎಂದು ಆಗಲೇ ಕೂಗಿದವರು ಅವಸರ ಮಾಡಿದರು. ಸೂಚ್ಯಂಕದ ಅಂಕಿ ನಿಂತಿತ್ತೇ ಹೊರತು ಷೇರುಗಳ ಕೊಡುಕೊಳ್ಳು ನಡೆಯುತ್ತಲೇ ಇತ್ತು. ವಹಿವಾಟನ್ನು ನಿಲ್ಲಿಸಿದ್ದು 11.40ಕ್ಕೆ. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ, ಆವತ್ತು 5 ಗಂಟೆಯ ತನಕ ನಡೆಯಿತು. ‘ಅಂಕಿ ಅಲ್ಲಾಡುತ್ತಿಲ್ಲ, ಆರ್ಡರ್ ಹೋಗುತ್ತಿದೆ’ ಎಂಬುದೂ ‘ಬಂದ್’ ಎಂಬುದೂ ಬೇರೆ ಬೇರೆ ಕಾಯಿಲೆ. ಮೊದಲನೆಯದರಲ್ಲಿ ಕೈಯಲ್ಲಿದ್ದದ್ದನ್ನು ಮಾರಿ ಹೊರಬರಬಹುದಿತ್ತು. ಎರಡನೆಯದರಲ್ಲಿ ಚಾ ಕುಡಿಯುವುದು ಮಾತ್ರ.

ಸೆಂಟ್ರಲ್ ಲೈನಿನವರಿಗೆ ಯಾವಾಗಲೂ ನಷ್ಟವೇ ಎಂದೂ ತಿಳಿಯಬೇಡಿ. 2024ರ ಜುಲೈ 19ರ ಶುಕ್ರವಾರ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಕೆಟ್ಟ ಕಡತವೊಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿದ್ದು ನೆನಪಿರಬಹುದು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಕಡತ ಹೊರಬಿದ್ದದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ, ಅದನ್ನು ಹಿಂತೆಗೆದುಕೊಂಡದ್ದು 10.57ಕ್ಕೆ. ಆ ಎಪ್ಪತ್ತೆಂಟು ನಿಮಿಷದಲ್ಲಿ ಆನ್ ಆಗಿ ನೆಟ್ಟಿಗೆ ಸೇರಿದ್ದ ಯಂತ್ರಗಳಿಗೆ ಮಾತ್ರ ಗಂಡಾಂತರ. ಸಮಯಕ್ಕೆ ಸರಿಯಾಗಿ ಬಂದು ಲಾಗಿನ್ ಆದ ಶಿಸ್ತಿನ ಸಿಪಾಯಿಗಳು ನೀಲಿಯಾದರು. ಹನ್ನೊಂದು ಹೊಡೆದ ಮೇಲೆ ಬಂದು ಲ್ಯಾಪ್‌ಟಾಪ್ ತೆರೆದವರು ಬದುಕಿಕೊಂಡರು. ಆವತ್ತು ‘ಪಿಸಿ ನೀಲಿ ಆಯ್ತು’ ಎಂದು ಬರೆದವರ ಸಂದೇಶದಿಂದ ಏನೂ ಗೊತ್ತಾಗುವಂತಿರಲಿಲ್ಲ, ನೀಲಿ ಪರದೆಗೆ ನೂರು ಕಾರಣ. ಪರದೆಯ ಫೋಟೋ ಹೊಡೆದು ಕಳಿಸಿದವರ ಚಿತ್ರದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ `csagent.sys` ಎಂದು ಇತ್ತು. ಕಳ್ಳ ತನ್ನ ಹೆಸರು ಬರೆದಿಟ್ಟೇ ಹೋಗಿದ್ದ, ಓದುವ ತಾಳ್ಮೆ ಬೇಕಿತ್ತು.

ಇಷ್ಟೆಲ್ಲ ಬರೆದು ಮುಗಿಸುವ ಹೊತ್ತಿಗೆ ನಾನು ಕೂತ, ಅಲ್ಲ, ನಿಂತ ಲೋಕಲ್ ದಿವಾ ಬಿಟ್ಟು ಮುಂಬ್ರಾ ಮುಟ್ಟುವ ಮೊದಲು ನಿಂತುಬಿಟ್ಟಿದೆ. ತಾಂತ್ರಿಕ ಕಾರಣವಂತೆ. ಎಂದಿನಂತೆ ಫೋನ್ ತೆಗೆದು ನಮ್ಮ ಮ್ಯಾನೇಜರಿಗೆ ‘ಟ್ರೈನ್ ನಿಂತಿದೆ ಸಾರ್, ಲೇಟಾಗ್ತದೆ’ ಎಂದು ಹಾಕಿದೆ. ಅವರೂ ನಮ್ಮ ಕಡೆಯವರೇ, ನನ್ನ ವರದಿಗಳನ್ನು ಓದಿ ಓದಿ ಪಳಗಿದವರು. ಉತ್ತರ ಬಂತು: ‘ಎಲ್ಲಿ? ಎಷ್ಟು ಹೊತ್ತಿಂದ? ಒಂದೇ ಗಾಡಿಯಾ, ಎಲ್ಲ ಗಾಡಿಯಾ? ಬದಲಿ ದಾರಿ ಉಂಟಾ?’

ಮೈ ಉರಿಯಿತು. ಯಾರದೋ ಕಂಕುಳ ಸಂದಿಯಿಂದ ಬಾಗಿಲಾಚೆ ನೋಡಿದೆ. ಹಳಿಯ ಪಕ್ಕದ ವಿದ್ಯುತ್ ಕಂಬದ ಮೇಲೆ ಬಿಳಿ ಅಕ್ಷರದಲ್ಲಿ ಕಿಲೋಮೀಟರು, ಅದರ ಕೆಳಗೆ ಕಂಬದ ಸಂಖ್ಯೆ. ಇಪ್ಪತ್ತು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ, ಅದನ್ನು ಒಂದು ದಿನವೂ ಓದಿರಲಿಲ್ಲ. ರೈಲಿನವರು ತಂತಿ ಹರಿದರೂ ಗಾಡಿ ಕೆಟ್ಟರೂ ಈ ಸಂಖ್ಯೆಯನ್ನೇ ಹೇಳುತ್ತಾರೆ, ರಿಪೇರಿಯವರು ನೇರ ಆ ಕಂಬಕ್ಕೆ ಬರುತ್ತಾರೆ. ನಮಗೆ ಮೈಕಿನಲ್ಲಿ ಕೊಡುವುದು ‘ತಾಂತ್ರಿಕ ಕಾರಣ’, ತಮ್ಮೊಳಗೆ ಇಟ್ಟುಕೊಳ್ಳುವುದು ಕಂಬದ ನಂಬರು. ಜಾಣರು.

ಕಂಬದ ಸಂಖ್ಯೆ, ನಿಂತ ಹೊತ್ತು, ಪಕ್ಕದ ಹಳಿಯಲ್ಲಿ ಗಾಡಿ ಓಡುತ್ತಿರುವುದು, ಇಳಿದು ನಡೆಯುವಂತಿಲ್ಲದಿರುವುದು ಎಲ್ಲವನ್ನೂ ಒಂದೇ ಹೆಬ್ಬೆರಳಿನಲ್ಲಿ ಟೈಪು ಮಾಡಿ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಸ್ವಲ್ಪ ಹೊತ್ತಿಗೆ ಉತ್ತರ:

‘ಆಯ್ತು. ಬೇಗ ಬನ್ನಿ. ನೆಟ್ ಇಲ್ಲ. ಅರ್ಜೆಂಟ್.’